ಕುರ್ಚಿಯ ಮಾರ್ಕೆಟಿಂಗ್ ಪ್ಲ್ಯಾನ್: ಗುರುವಾರಕ್ಕೆ ಮುಂಚೆ ನನ್ನ ಪ್ರಶ್ನೆಗಳು

ತಂಡದವರಿಗೆ ನಮಸ್ಕಾರ.

ನಿನ್ನೆ ಪ್ರೆಸೆಂಟೇಶನ್ ಮುಗಿಯುವಷ್ಟರಲ್ಲಿ ಹೊತ್ತಾಗಿತ್ತು. ಅಲ್ಲಿ ಕೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಗುರುವಾರ ಉತ್ತರ ಸಿಕ್ಕರೆ ಬಜೆಟ್‌ಗೆ ಅಂದೇ ಸಹಿ ಹಾಕುತ್ತೇನೆ.

ನಮ್ಮ ಗ್ರಾಹಕರು ‘ಮನೆಯಿಂದ ಕೆಲಸ ಮಾಡುವ 25ರಿಂದ 34 ವಯಸ್ಸಿನವರು’ ಎಂದು 7ನೇ ಸ್ಲೈಡ್ ಹೇಳುತ್ತದೆ. ವಯಸ್ಸು ನೋಡಿಕೊಂಡು ಯಾರೂ ಕುರ್ಚಿ ಕೊಳ್ಳುವುದಿಲ್ಲ, ಬೆನ್ನು ಹಿಡಿದಾಗ ಕೊಳ್ಳುತ್ತಾರೆ. ಹಾಗಿರುವಾಗ 45 ದಾಟಿದವರನ್ನು ಯಾಕೆ ಕೈಬಿಟ್ಟಿರಿ? ಬಾಡಿಗೆ ಮನೆ ಬದಲಿಸುತ್ತಲೇ ಇರುವ ಹುಡುಗರು 23 ಕಿಲೋ ತೂಕದ ಕುರ್ಚಿಯನ್ನು ಹೊತ್ತು ತಿರುಗುತ್ತಾರೆಯೇ? ಸರ್ವೆಗೆ ಉತ್ತರಿಸಿದ 212 ಜನರು ನಮ್ಮ ನ್ಯೂಸ್‌ಲೆಟರ್ ಚಂದಾದಾರರು ಎಂದು ಸ್ಲೈಡಿನ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿದೆ. ಅವರು ಮೊದಲೇ ನಮ್ಮವರು. ನಮ್ಮ ಹೆಸರನ್ನೇ ಕೇಳದವರಲ್ಲಿ ಎಷ್ಟು ಮಂದಿಯನ್ನು ಮಾತಾಡಿಸಿದ್ದೀರಿ?

ಬೆಲೆಯ ವಿಷಯದಲ್ಲಿ ನನಗೆ ತಕರಾರೇ ಇದೆ. ಮೊದಲ ಮೂರು ತಿಂಗಳು ಶೇ 20 ರಿಯಾಯಿತಿ ಕೊಟ್ಟರೆ ಮಾರಾಟ ಶೇ 35 ಏರುತ್ತದೆ ಎಂದಿರಿ. ಈಗ ನಮ್ಮ ಮಾರ್ಜಿನ್ ಶೇ 40. ನೂರಕ್ಕೆ ಮಾರಿದಾಗ ನಲವತ್ತು ಉಳಿಯುತ್ತಿದ್ದದ್ದು, ಎಂಬತ್ತಕ್ಕೆ ಮಾರಿದರೆ ಇಪ್ಪತ್ತೇ ಉಳಿಯುತ್ತದೆ. ಅಂದರೆ ಇದ್ದ ಲಾಭ ಉಳಿಸಿಕೊಳ್ಳಲಿಕ್ಕೇ ಮಾರಾಟ ಎರಡು ಪಟ್ಟಾಗಬೇಕು. ಶೇ 35 ಏರಿದರೆ ನಲವತ್ತಿದ್ದ ಕಡೆ ಇಪ್ಪತ್ತೇಳು ಬರುತ್ತದೆ, ಜಾಹೀರಾತಿನ ಖರ್ಚು ಬೇರೆ. ಈ ಲೆಕ್ಕವನ್ನು ಯಾರಾದರೂ ಹಾಕಿ ನೋಡಿದ್ದೀರಾ? ನಾಲ್ಕನೇ ತಿಂಗಳು ಬೆಲೆ ಮೊದಲಿನಂತಾದಾಗ ‘ಮುಂದಿನ ಆಫರ್‌ಗೆ ಕಾಯೋಣ’ ಎನ್ನುವವರಿಗೆ ಏನು ಹೇಳುತ್ತೀರಿ? ಪೈಪೋಟಿಯವರಿಗಿಂತ ಕಡಿಮೆ ಇರಬೇಕು ಎನ್ನುವುದನ್ನು ಬಿಟ್ಟು ಈ ಬೆಲೆಗೆ ಬೇರೆ ಕಾರಣ 11ನೇ ಸ್ಲೈಡಿನಲ್ಲಿ ನನಗೆ ಕಾಣಲಿಲ್ಲ. ಐದು ವರ್ಷದ ವಾರಂಟಿ ಕೊಡುತ್ತಿರುವವರು ನಾವು, ಅವರಲ್ಲ. ಅದಕ್ಕೆ ಬೆಲೆ ಕಟ್ಟಿಲ್ಲವೇಕೆ?

ಕ್ಯಾಂಪೇನ್ ಗೆದ್ದಿತೆಂದು ಹೇಗೆ ಗೊತ್ತಾಗುತ್ತದೆ? ವೀಡಿಯೊ ಎಷ್ಟು ಜನ ನೋಡಿದರು, ಎಷ್ಟು ಲೈಕ್ ಬಂತು ಎಂಬುದರಿಂದ ಗೋದಾಮು ಖಾಲಿಯಾಗುವುದಿಲ್ಲ. ಕೂಪನ್ ಬಳಸಿದವರನ್ನೆಲ್ಲ ಕ್ಯಾಂಪೇನ್ ಲೆಕ್ಕಕ್ಕೆ ಹಾಕಿದ್ದೀರಿ. ಅವರಲ್ಲಿ ಹೇಗಿದ್ದರೂ ಕೊಳ್ಳುತ್ತಿದ್ದವರು ಎಷ್ಟು? ಒಂದೇ ತರಹ ಮಾರಾಟವಿರುವ ಕೆಲವು ಪ್ರದೇಶಗಳಲ್ಲಿ ಆರು ವಾರ ಜಾಹೀರಾತು ನಿಲ್ಲಿಸಿ, ಉಳಿದವುಗಳ ಜೊತೆ ಹೋಲಿಸಲು ಏನು ಅಡ್ಡಿ? ವಾಪಸ್ ಬಂದ ಕುರ್ಚಿಗಳನ್ನು ಕಳೆದಿದ್ದೀರಾ? ಹಿಂತಿರುಗಿಸಲು 30 ದಿನ ಅವಕಾಶ ಕೊಟ್ಟು, 15ನೇ ದಿನವೇ ಮಾರಾಟದ ವರದಿ ಮಾಡುವುದು ನನಗೆ ಅರ್ಥವಾಗಲಿಲ್ಲ.

ಇನ್ನೊಂದು. ಯಾವ ಅಂಕಿ ಬಂದರೆ ಕ್ಯಾಂಪೇನ್ ನಿಲ್ಲಿಸುತ್ತೀರಿ ಎಂಬುದನ್ನು ಶುರುವಾಗುವ ಮುಂಚೆಯೇ ಬರೆದು ಕೊಡಿ. ಒಂದೇ ಸಾಲು ಸಾಕು. ಹೊಸ ಸ್ಲೈಡ್ ಮಾಡುವ ಶ್ರಮ ಬೇಡ, ಲೆಕ್ಕದ ಶೀಟನ್ನು ಬುಧವಾರ ಸಂಜೆಯೊಳಗೆ ಕಳಿಸಿ.