ರದ್ದಾದ ಕಾಶಿ ಪ್ರಯಾಣದ ಕ್ಲೇಮು: ವಿವರಣೆ ಮತ್ತು ರಸೀದಿಗಳು

ಗಂಗಾವತಿ, ಕೊಪ್ಪಳ ಜಿಲ್ಲೆ
28 ನವೆಂಬರ್ 2025

ಇವರಿಗೆ,
ವ್ಯವಸ್ಥಾಪಕರು, ಪ್ರಯಾಣ ವಿಮೆ ಕ್ಲೇಮು ವಿಭಾಗ, ಬೆಂಗಳೂರು

ವಿಷಯ: ಕ್ಲೇಮು ಸಂಖ್ಯೆ 25-118-4407; ನಿಮ್ಮ 21 ನವೆಂಬರ್ ದಿನಾಂಕದ ಪತ್ರಕ್ಕೆ ಉತ್ತರ

ಮಾನ್ಯರೇ,

ಪ್ರಯಾಣ ರದ್ದಾದ ಬಗ್ಗೆ ನೀವು ಮೂರು ವಿವರಣೆ ಕೇಳಿದ್ದೀರಿ: ತಂದೆಯವರ ಕಾಯಿಲೆ ಮೊದಲಿನಿಂದಲೂ ಇತ್ತೇ, ಒಬ್ಬರಿಗೆ ಪೆಟ್ಟಾದರೆ ನಾಲ್ವರೂ ಏಕೆ ಹೋಗಲಿಲ್ಲ, ಏಜೆಂಟರ ರದ್ದತಿ ಪತ್ರದಲ್ಲಿ 3 ನವೆಂಬರ್ ಎಂದು ಏಕಿದೆ. ಮೂರಕ್ಕೂ ದಾಖಲೆ ಸಹಿತ ಉತ್ತರಿಸುತ್ತಿದ್ದೇನೆ.

ನಾನು, ನನ್ನ ಹೆಂಡತಿ, ತಂದೆ, ತಾಯಿ ನಾಲ್ವರೂ 12 ಸೆಪ್ಟೆಂಬರ್‌ನಂದು ನಿಮ್ಮ ಪಾಲಿಸಿ ಪಡೆದೆವು. ಕಾರ್ತಿಕ ಹುಣ್ಣಿಮೆಗೆ, ಅಂದರೆ 5 ನವೆಂಬರ್‌ಗೆ, ಕಾಶಿಯ ದೇವ ದೀಪಾವಳಿ ನೋಡಬೇಕೆಂಬುದು ತಂದೆಯವರ ಬಹುಕಾಲದ ಆಸೆ. 3ರ ರಾತ್ರಿ ಬಸ್ಸಿನಲ್ಲಿ ಹೈದರಾಬಾದಿಗೆ, 4ರಂದು ವಿಮಾನದಲ್ಲಿ ವಾರಾಣಸಿಗೆ, 9ರಂದು ವಾಪಸು ಎಂದು ಗೊತ್ತಾಗಿತ್ತು. ನಾನು ಪ್ರೌಢಶಾಲಾ ಶಿಕ್ಷಕ. ರಜೆ ಮಂಜೂರಾದ ಆದೇಶವನ್ನೂ ಲಗತ್ತಿಸಿದ್ದೇನೆ.

31 ಅಕ್ಟೋಬರ್, ಶುಕ್ರವಾರ ಬೆಳಿಗ್ಗೆ ತಂದೆಯವರು ಗದ್ದೆಗೆ ಹೋಗುವಾಗ ಕಾಲುವೆಯ ಪಾವಟಿಗೆಯ ಮೇಲೆ ಪಾಚಿಗೆ ಜಾರಿ ಬಿದ್ದರು. ಬಲಗಾಲು ಹೊರಕ್ಕೆ ತಿರುಗಿ ಗಿಡ್ಡವಾದಂತೆ ಕಾಣುತ್ತಿತ್ತು, ಎತ್ತಲು ಹೋದರೆ ಮುಟ್ಟಗೊಡಲಿಲ್ಲ. ಪಕ್ಕದ ಗದ್ದೆಯವರ ನೆರವಿನಿಂದ ಹಲಗೆಯ ಮೇಲೆ ಮಲಗಿಸಿ ಸರ್ಕಾರಿ ಆಸ್ಪತ್ರೆಗೆ ಒಯ್ದೆವು. ಎಕ್ಸ್‌ರೇಯಲ್ಲಿ ತೊಡೆ ಮೂಳೆಯ ಕತ್ತಿನ ಭಾಗ ಮುರಿದಿರುವುದು ಕಂಡಿತು. ಅಂದೇ ಸಂಜೆ ಬಳ್ಳಾರಿಯ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. 2 ನವೆಂಬರ್‌ನಂದು ಶಸ್ತ್ರಚಿಕಿತ್ಸೆಯಾಯಿತು, 9ರಂದು ಬಿಡುಗಡೆಯಾದರು. ನಾವು ಕಾಶಿಯಿಂದ ಮರಳಬೇಕಿದ್ದ ದಿನವೂ ಅದೇ.

ತಂದೆಯವರಿಗೆ ರಕ್ತದೊತ್ತಡವಿರುವುದು ನಿಜ, ಅದನ್ನು ಪ್ರಸ್ತಾವನೆಯಲ್ಲೇ ಬರೆದಿದ್ದೇವೆ. ಆದರೆ ಮೂಳೆ ಮುರಿದದ್ದು ರಕ್ತದೊತ್ತಡದಿಂದಲ್ಲ. ತಲೆ ಸುತ್ತಿ ಬಿದ್ದದ್ದಲ್ಲ, ಜಾರಿ ಬಿದ್ದದ್ದು ಎಂದು ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲೇ ಇದೆ. ಬಿದ್ದ ದಿನವೇ, ಕ್ಲೇಮಿನ ಯೋಚನೆಯೂ ಇಲ್ಲದಿದ್ದಾಗ ವೈದ್ಯರು ಬರೆದ ಮಾತು ಅದು. ದಯವಿಟ್ಟು ಆ ಚೀಟಿಯನ್ನು ಮೊದಲು ನೋಡಿ.

ನಾಲ್ವರ ಪ್ರಶ್ನೆಗೆ ಹೆಚ್ಚು ಹೇಳಬೇಕಿಲ್ಲ. ನಾನು ಅವರ ಒಬ್ಬನೇ ಮಗ. ವಿಮೆ ಮಾಡಿಸಿದವರ ತಂದೆ, ತಾಯಿ, ಪತಿ, ಪತ್ನಿ ಅಥವಾ ಮಕ್ಕಳು ಆಸ್ಪತ್ರೆಗೆ ದಾಖಲಾದರೆ ಪ್ರಯಾಣ ರದ್ದತಿಯ ನಷ್ಟ ಭರಿಸುವುದಾಗಿ ನಿಮ್ಮ ಪಾಲಿಸಿಯೇ ಹೇಳುತ್ತದೆ. ಆ ಕಲಮಿನ ಪ್ರತಿಯನ್ನು ಗುರುತು ಹಾಕಿ ಇಟ್ಟಿದ್ದೇನೆ.

ಇನ್ನು ತಡದ ವಿಚಾರ. ವಿಮಾನ ಮತ್ತು ಬಸ್ಸಿನ ಟಿಕೆಟ್‌ಗಳನ್ನು ನಾನೇ ಮೊಬೈಲಿನಿಂದ 1 ನವೆಂಬರ್ ಬೆಳಿಗ್ಗೆ ರದ್ದು ಮಾಡಿದೆ. ನಿಮ್ಮ ಸಹಾಯವಾಣಿಗೂ ಅಂದೇ ತಿಳಿಸಿದೆ. ಹೋಟೆಲ್, ಕಾರು, ದೋಣಿ ಮಾತ್ರ ಏಜೆಂಟರ ಮೂಲಕ ಆಗಿದ್ದವು. ಅವರಿಗೂ ಅಂದೇ ಇ-ಮೇಲ್ ಕಳಿಸಿದೆ. 1ನೇ ತಾರೀಖು ಕನ್ನಡ ರಾಜ್ಯೋತ್ಸವ, ಮರುದಿನ ಭಾನುವಾರ. ಕಚೇರಿ ತೆರೆದ ಸೋಮವಾರ ಅವರು ರದ್ದತಿ ಪತ್ರ ಕೊಟ್ಟರು. ಇದರಿಂದ ನಷ್ಟ ಹೆಚ್ಚಿಲ್ಲ: ದೇವ ದೀಪಾವಳಿ ವಾರದ ಕೋಣೆಗಳಿಗೆ ಅಕ್ಟೋಬರ್ 15ರ ನಂತರ ಹಣ ಹಿಂತಿರುಗಿಸುವುದಿಲ್ಲವೆಂದು ಬುಕಿಂಗ್ ರಸೀದಿಯಲ್ಲೇ ಮುದ್ರಿತವಾಗಿದೆ.

ನಷ್ಟದ ಲೆಕ್ಕ, ರಸೀದಿಗಳ ಸಹಿತ:

ರಸೀದಿ 1 (14 ಸೆಪ್ಟೆಂಬರ್): ವಿಮಾನ ಟಿಕೆಟ್, ನಾಲ್ವರಿಗೆ ಹೋಗಿ ಬರಲು ರೂ. 58,400. ಮರಳಿ ಬಂದದ್ದು ರೂ. 6,240. ನಷ್ಟ ರೂ. 52,160.
ರಸೀದಿ 2 (16 ಸೆಪ್ಟೆಂಬರ್): ವಾರಾಣಸಿ ಹೋಟೆಲ್, ಎರಡು ಕೋಣೆ. ನಷ್ಟ ರೂ. 34,000, ಪೂರ್ತಿ.
ರಸೀದಿ 3 (16 ಸೆಪ್ಟೆಂಬರ್): ಪ್ರಯಾಗರಾಜ್ ಮತ್ತು ಅಯೋಧ್ಯೆಗೆ ಕಾರಿನ ಮುಂಗಡ. ನಷ್ಟ ರೂ. 6,000.
ರಸೀದಿ 4 (20 ಸೆಪ್ಟೆಂಬರ್): ಹುಣ್ಣಿಮೆ ಸಂಜೆಯ ದೋಣಿ ರೂ. 8,000. ದೋಣಿಯವರು ರೂ. 3,000 ಹಿಂದಿರುಗಿಸಿದರು. ನಷ್ಟ ರೂ. 5,000.
ರಸೀದಿ 5 (10 ಅಕ್ಟೋಬರ್): ಹೈದರಾಬಾದ್ ಬಸ್ಸು ರೂ. 4,800. ಮರಳಿ ಬಂದದ್ದು ರೂ. 3,600. ನಷ್ಟ ರೂ. 1,200.

ಒಟ್ಟು ರೂ. 98,360. ಪಾಲಿಸಿಯ ರದ್ದತಿ ಮಿತಿ ತಲಾ ರೂ. 30,000, ನಾಲ್ವರಿಗೆ ರೂ. 1,20,000. ಅಯೋಧ್ಯೆಯ ವಸತಿಯ ಹಣ ಪೂರ್ತಿ ಮರಳಿರುವುದರಿಂದ ಅದನ್ನು ಸೇರಿಸಿಲ್ಲ. ಮರಳಿ ಬಂದ ಪ್ರತಿ ಮೊತ್ತಕ್ಕೂ ಬ್ಯಾಂಕ್ ಪಾಸ್‌ಬುಕ್ಕಿನ ನಮೂದು ತೋರಿಸಿದ್ದೇನೆ.

ತಂದೆಯವರು ಈಗ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಅವರ ಚಿಕಿತ್ಸೆಯ ಖರ್ಚನ್ನು ನಿಮ್ಮಿಂದ ಕೇಳುತ್ತಿಲ್ಲ. ನಿಮ್ಮ ಪಾಲಿಸಿ ಒಪ್ಪಿಕೊಂಡ ನಷ್ಟವನ್ನಷ್ಟೇ ಕೇಳುತ್ತಿದ್ದೇನೆ. ಯಾವುದಾದರೂ ಬಾಬ್ತನ್ನು ಕಡಿತ ಮಾಡುವುದಾದರೆ ಯಾವ ಕಲಮಿನ ಆಧಾರದ ಮೇಲೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸುತ್ತೇನೆ.

ಲಗತ್ತು: ರಸೀದಿ 1ರಿಂದ 5, ಹೊರರೋಗಿ ಚೀಟಿ, ಎಕ್ಸ್‌ರೇ ವರದಿ, ಬಿಡುಗಡೆ ಸಾರಾಂಶ, ರದ್ದತಿ ಪತ್ರ ಮತ್ತು ಇ-ಮೇಲ್ ಪ್ರತಿಗಳು, ಪಾಲಿಸಿಯ ಕಲಮಿನ ಪ್ರತಿ, ರಜೆ ಆದೇಶ, ಪಾಸ್‌ಬುಕ್ ಪುಟಗಳು, ರದ್ದುಪಡಿಸಿದ ಚೆಕ್.

ತಮ್ಮ ವಿಶ್ವಾಸಿ,
ವೀರೇಶ
(ಪಾಲಿಸಿದಾರ)