ಹೆರಿಗೆ ಮತ್ತು ಮಕ್ಕಳ ವಾರ್ಡ್: ಜೂನ್ 9ರಿಂದ 15ರವರೆಗಿನ ಡ್ಯೂಟಿ ಪಟ್ಟಿ

ಎಲ್ಲ ಸಿಸ್ಟರ್‌ಗಳಿಗೆ,

ಶನಿವಾರದ ಮೀಟಿಂಗ್‌ನಲ್ಲಿ ಮೇಡಂ ಹೇಳಿದ ಹಂಚಿಕೆಯನ್ನು ಮೊದಲು ಹಾಗೆಯೇ ಬರೆದಿದ್ದೇನೆ. ಕೆಳಗೆ ಅದನ್ನೇ ದಿನ ಮತ್ತು ವಾರ್ಡ್ ಪ್ರಕಾರ ಕೂರಿಸಿದ್ದೇನೆ.

ಹೆರಿಗೆ ವಾರ್ಡ್: ಸವಿತಾ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ, ಶನಿವಾರ ರಜೆ, ಭಾನುವಾರ ಮತ್ತೆ ಬೆಳಿಗ್ಗೆ. ರೇಣುಕಾ ಮೊದಲ ಮೂರು ರಾತ್ರಿ. ಗುರು, ಶುಕ್ರ ಆಫ್. ಶನಿವಾರ ಬೆಳಿಗ್ಗೆ, ಭಾನುವಾರ ಮಧ್ಯಾಹ್ನ ಬರಬೇಕು. ಮೇರಿ ಬುಧವಾರದವರೆಗೆ ಮಧ್ಯಾಹ್ನ, ಆಮೇಲೆ ಮೂರು ರಾತ್ರಿ. ಶಾಂತಾ ಬುಧವಾರದವರೆಗೆ ತರಬೇತಿಯಲ್ಲಿ ಇರುತ್ತಾರೆ. ಗುರುವಾರದಿಂದ ಶನಿವಾರದವರೆಗೆ ಮಧ್ಯಾಹ್ನ, ಭಾನುವಾರ ರಾತ್ರಿ.

ಮಕ್ಕಳ ವಾರ್ಡ್: ಫಾತಿಮಾ ಶುಕ್ರವಾರದವರೆಗೆ ಬೆಳಿಗ್ಗೆ, ಶನಿವಾರ ರಜೆ, ಭಾನುವಾರ ರಾತ್ರಿ. ಜ್ಯೋತಿ ಮೊದಲ ಮೂರು ರಾತ್ರಿ, ಎರಡು ದಿನ ಆಫ್, ಶನಿ ಮತ್ತು ಭಾನುವಾರ ಬೆಳಿಗ್ಗೆ. ಲಕ್ಷ್ಮೀ ಬುಧವಾರದವರೆಗೆ ಮಧ್ಯಾಹ್ನ, ಆಮೇಲೆ ಶನಿವಾರದವರೆಗೆ ರಾತ್ರಿ. ಗೀತಾ ಬುಧವಾರದವರೆಗೆ ರಜೆ, ಗುರುವಾರದಿಂದ ಮಧ್ಯಾಹ್ನ.

ರಿಲೀವರ್ ಮಂಜುಳಾ ಶನಿವಾರದವರೆಗೆ ಹೆರಿಗೆ ವಾರ್ಡ್‌ನಲ್ಲಿ ಬೆಳಿಗ್ಗೆ ಇರುತ್ತಾರೆ. ಗುರುವಾರ ಮಾತ್ರ ಮಕ್ಕಳ ವಾರ್ಡ್. ಅಂದು ಲಸಿಕೆ ದಿನ. ತಾಯಂದಿರು, ಕೂಸುಗಳು ಒಟ್ಟಿಗೆ ಬಂದಾಗ ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ.

ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಮರುದಿನ ಬೆಳಿಗ್ಗೆ 8. ರಾತ್ರಿ ಡ್ಯೂಟಿ ಶುರುವಾಗುವ ದಿನದ ಸಾಲಲ್ಲೇ ಹೆಸರು ಇದೆ.

| ದಿನ | ಹೆರಿಗೆ, ಬೆಳಿಗ್ಗೆ | ಹೆರಿಗೆ, ಮಧ್ಯಾಹ್ನ | ಹೆರಿಗೆ, ರಾತ್ರಿ | ಮಕ್ಕಳ, ಬೆಳಿಗ್ಗೆ | ಮಕ್ಕಳ, ಮಧ್ಯಾಹ್ನ | ಮಕ್ಕಳ, ರಾತ್ರಿ |
|---|---|---|---|---|---|---|
| ಸೋಮ 9 | ಸವಿತಾ, ಮಂಜುಳಾ | ಮೇರಿ | ರೇಣುಕಾ | ಫಾತಿಮಾ | ಲಕ್ಷ್ಮೀ | ಜ್ಯೋತಿ |
| ಮಂಗಳ 10 | ಸವಿತಾ, ಮಂಜುಳಾ | ಮೇರಿ | ರೇಣುಕಾ | ಫಾತಿಮಾ | ಲಕ್ಷ್ಮೀ | ಜ್ಯೋತಿ |
| ಬುಧ 11 | ಸವಿತಾ, ಮಂಜುಳಾ | ಮೇರಿ | ರೇಣುಕಾ | ಫಾತಿಮಾ | ಲಕ್ಷ್ಮೀ | ಜ್ಯೋತಿ |
| ಗುರು 12 | ಸವಿತಾ | ಶಾಂತಾ | ಮೇರಿ | ಫಾತಿಮಾ, ಮಂಜುಳಾ | ಗೀತಾ | ಲಕ್ಷ್ಮೀ |
| ಶುಕ್ರ 13 | ಸವಿತಾ, ಮಂಜುಳಾ | ಶಾಂತಾ | ಮೇರಿ | ಫಾತಿಮಾ | ಗೀತಾ | ಲಕ್ಷ್ಮೀ |
| ಶನಿ 14 | ರೇಣುಕಾ, ಮಂಜುಳಾ | ಶಾಂತಾ | ಮೇರಿ | ಜ್ಯೋತಿ | ಗೀತಾ | ಲಕ್ಷ್ಮೀ |
| ಭಾನು 15 | ಸವಿತಾ | ರೇಣುಕಾ | ಶಾಂತಾ | ಜ್ಯೋತಿ | ಗೀತಾ | ಫಾತಿಮಾ |

ಮೇರಿ, ಲಕ್ಷ್ಮೀ ಇಬ್ಬರೂ ಭಾನುವಾರ ಬೆಳಿಗ್ಗೆ 8ಕ್ಕೆ ಇಳಿಯುತ್ತಾರೆ. ಅವತ್ತು ಅವರ ಹೆಸರು ಎಲ್ಲೂ ಇಲ್ಲ. ಮಂಜುಳಾಗೂ ಅಂದು ರಜೆ. ರಾತ್ರಿ ಮುಗಿಸಿದವರನ್ನು ದಯವಿಟ್ಟು ಫೋನ್ ಮಾಡಿ ಕರೆಯಬೇಡಿ. ನಿದ್ದೆಗೆಟ್ಟ ಕೈಯಿಂದ ಮಕ್ಕಳಿಗೆ ಡೋಸ್ ಅಳೆಯುವುದು ಅಪಾಯ.

ಗುರುವಾರ ಹೆರಿಗೆ ವಾರ್ಡ್‌ನಲ್ಲಿ ಬೆಳಿಗ್ಗೆ ಸವಿತಾ ಒಬ್ಬರೇ. ಹೆರಿಗೆ ಜಾಸ್ತಿ ಬಂದರೆ ಲಸಿಕೆ ಕೆಲಸ ಮುಗಿದ ಕೂಡಲೇ ಮಂಜುಳಾ ಆ ಕಡೆ ಹೋಗಲಿ. ಭಾನುವಾರ ಬೆಳಿಗ್ಗೆಯೂ ಎರಡೂ ವಾರ್ಡ್‌ನಲ್ಲಿ ಒಬ್ಬೊಬ್ಬರೇ. ತುರ್ತು ಬಂದರೆ ನನ್ನನ್ನು ಕರೆಯಿರಿ, ನಾನು ಬರುತ್ತೇನೆ.

ಅದಲು ಬದಲು ಮಾಡಿಕೊಳ್ಳುವವರು ಇಬ್ಬರೂ ರಿಜಿಸ್ಟರ್‌ನಲ್ಲಿ ಸಹಿ ಹಾಕಿ, ಹಿಂದಿನ ದಿನವೇ ನನಗೆ ತಿಳಿಸಿ.

ಇನ್‌ಚಾರ್ಜ್ ಸಿಸ್ಟರ್
ಹೆರಿಗೆ ಮತ್ತು ಮಕ್ಕಳ ವಾರ್ಡ್