ಅಗಸಿ: ಆರಂಭದ ಹತ್ತು ಸೆಕೆಂಡು (ನಾಲ್ಕನೇ ಕರಡು, ಶೂಟಿಂಗ್‌ಗೆ)

ಚಾನೆಲ್: ಅಗಸಿ. ಕೊಪ್ಪಳ ಜಿಲ್ಲೆಯ ಊರುಗಳ ಕಥೆ, ವಾರಕ್ಕೊಂದು ಕಂತು.
ಜಾಗ: ಕುಕನೂರು ಕಡೆ ಹೋದ ವಾರ ನೋಡಿ ಬಂದ ಊರಿನ ಅಗಸಿ ಬಾಗಿಲು, ಅದರ ಒಳಮಗ್ಗುಲಿನ ಹನುಮಪ್ಪನ ಗುಡಿ.
ಹೊತ್ತು: ಮಂಗಳವಾರ ಬೆಳಗ್ಗೆ ಐದೂವರೆಯಿಂದ ಆರೂವರೆ. ಶನಿವಾರ ಬೇಡ, ಗುಡಿಯಲ್ಲಿ ಜನ ಜಾಸ್ತಿ.
ಅಳತೆ: 10 ಸೆಕೆಂಡು, ಸೆಕೆಂಡಿಗೆ 25 ಫ್ರೇಮ್, ಒಟ್ಟು 250 ಫ್ರೇಮ್.
ಫೈಲ್: `agasi_intro_v4`

ಮೂರನೇ ಕರಡು ಯಾಕೆ ಬಿಟ್ಟೆವು ಅಂತ ಮೊದಲು ಹೇಳುತ್ತೇನೆ. ಅದರಲ್ಲಿ ಗಂಟೆ ಢಣ್ ಅಂದ ಕೂಡಲೇ ಚಾನೆಲ್ ಹೆಸರು ಸಿಡಿದು ಬರುತ್ತಿತ್ತು. ನಮಗೆಲ್ಲ ಭಾರಿ ಚೆನ್ನಾಗಿದೆ ಅನಿಸಿತ್ತು. ಗುಡಿಯ ಪೂಜಾರಪ್ಪನಿಗೆ ಮೊಬೈಲ್‌ನಲ್ಲಿ ತೋರಿಸಿದೆ. ಅವರು ಬೈಯಲಿಲ್ಲ, ನಕ್ಕರು. "ಗಂಟಿ ಹೊಡದ ಮ್ಯಾಲೆ ಕೈ ಮುಗೀತಾರಪಾ. ನೀವು ಬೋರ್ಡ್ ತೋರಸ್ತೀರಿ" ಅಂದರು. ಅಷ್ಟೇ. ಗಂಟೆಗೂ ಹೆಸರಿಗೂ ನಡುವೆ ಒಬ್ಬ ಮನುಷ್ಯ ಇರಬೇಕು. ಈ ಕರಡು ಪೂರ್ತಿ ಆ ಒಂದು ಮಾತಿನ ಮೇಲೆ ನಿಂತಿದೆ.

0 ರಿಂದ 2 ಸೆಕೆಂಡು

ಚಿತ್ರ: ನಸುಕು. ಕ್ಯಾಮೆರಾ ಅಗಸಿಯ ಹೊರಗೆ ನಿಂತಿದೆ, ಬರುವವನ ಕಣ್ಣಿನ ಎತ್ತರದಲ್ಲಿ. ಕಲ್ಲಿನ ಕಮಾನು ಕಪ್ಪಾಗಿ ಕಾಣುತ್ತದೆ, ಒಳಗೆ ನೀಲಿ ಬೆಳಕು.

ಧ್ವನಿ: ಸಂಗೀತ ಇಲ್ಲ. ದೂರದಲ್ಲಿ ಕಸಬರಿಗೆಯ ಸದ್ದು, ಒಂದೆರಡು ಗುಬ್ಬಿ. 1 ಸೆಕೆಂಡು 10 ಫ್ರೇಮಿಗೆ ಕಲ್ಲಿನ ಮೇಲೆ ಚಪ್ಪಲಿ ಬಿಡುವ ಸದ್ದು. ಮೊದಲು ಒಂದು, ಆಮೇಲೆ ಇನ್ನೊಂದು. ಚಪ್ಪಲಿ ತೋರಿಸುವುದು ಬೇಡ, ಕೇಳಿಸಿದರೆ ಸಾಕು. ನಮ್ಮ ಜನಕ್ಕೆ ಮುಂದೆ ಏನು ಬರುತ್ತದೆ ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ.

2 ರಿಂದ 5 ಸೆಕೆಂಡು

ಚಿತ್ರ: ಹತ್ತಿರದಿಂದ ಗಂಟೆ. ಅಜ್ಜಿಯ ಕೈ ಮೇಲಕ್ಕೆ ಹೋಗುತ್ತದೆ. ಹಸಿರು ಬಳೆ ಮಣಿಕಟ್ಟಿನಿಂದ ಮೊಣಕೈ ಕಡೆ ಜಾರುತ್ತವೆ. 2 ಸೆಕೆಂಡು 15 ಫ್ರೇಮಿಗೆ ಗಂಟೆಯ ನಾಲಿಗೆ ಒಂದೇ ಸಲ ಬಡಿಯುತ್ತದೆ. ಕೈ ಕೆಳಗಿಳಿದು ಇನ್ನೊಂದು ಕೈಗೆ ಸೇರುತ್ತದೆ. ಅಜ್ಜಿಯ ಬೆನ್ನು ಮಾತ್ರ ನಮಗೆ ಕಾಣಬೇಕು. ಗರ್ಭಗುಡಿ, ಮೂರ್ತಿ, ಮಂಗಳಾರತಿ ತಟ್ಟೆ ಯಾವುದೂ ಫ್ರೇಮಿನೊಳಗೆ ಬರಬಾರದು. ಅದು ಅವರಿಬ್ಬರ ನಡುವಿನ ಮಾತು.

ಧ್ವನಿ: ಒಂದು ಏಟು. ಎರಡು ಸಲ ಬಾರಿಸಿದರೆ ಶಾಲೆ ಬಿಟ್ಟಂತೆ ಆಗುತ್ತದೆ. ಅದೇ ಏಟನ್ನು ಕಾಪಿ ಮಾಡಿ ತಾಳ ಹಾಕುವುದಂತೂ ಬೇಡವೇ ಬೇಡ.

ಇಲ್ಲಿ ಎಡಿಟರ್ ಸ್ವಲ್ಪ ತಾಳ್ಮೆಯಿಂದ ಓದಬೇಕು. ಕಂಚಿನ ಗಂಟೆ ಬಡಿದಾಗ ಮೊದಲು ಕಿವಿಗೆ ಚುಚ್ಚುವಂಥ ತೆಳು ಸ್ವರಗಳು ಬರುತ್ತವೆ. ಅವು ಬೇಗ ಸಾಯುತ್ತವೆ. ಉಳಿಯುವುದು ಕೆಳಗಿನ ಗುಂಯ್ ಅನ್ನುವ ನಾದ, ಸ್ವಲ್ಪ ಅಲೆಯಂತೆ ಏರಿಳಿಯುತ್ತದೆ. ನಮಗೆ ಬೇಕಿರುವುದು ಈ ಎರಡನೆಯದು. ಅದಕ್ಕೇ ಎರಡು ಮೈಕ್ ಇಡುತ್ತಿದ್ದೇವೆ. ಒಂದು ಗಂಟೆಯಿಂದ ಆರು ಅಡಿ ದೂರ, ಇನ್ನೊಂದು ಹೊರಗೆ ಕಟ್ಟೆಯ ಮೇಲೆ. ಮಿಕ್ಸ್‌ನಲ್ಲಿ ಕಟ್ಟೆಯ ಮೈಕೇ ದೊಡ್ಡದಿರಲಿ. ಒಳಗೆ ಬರುತ್ತಿರುವವನಿಗೆ ಗಂಟೆ ಅಲ್ಲಿಂದಲೇ ಕೇಳುವುದು, ಅಲ್ವಾ? ಹತ್ತಿರದ ಮೈಕನ್ನೇ ಹಾಕಿದರೆ ಹೆಡ್‌ಫೋನ್ ಹಾಕಿಕೊಂಡವರು ಬೆಚ್ಚಿ ಬೀಳುತ್ತಾರೆ. ಕಂಪ್ರೆಸರ್ ಹಾಕಬೇಡಿ. ಬಾಲ ಉಬ್ಬಿ ಸ್ಟೀಲ್ ತಂಬಿಗೆ ಬಿದ್ದ ಹಾಗೆ ಕೇಳುತ್ತದೆ. ಗಂಟೆಯ ಸ್ವರವನ್ನು ಕೀಬೋರ್ಡಿಗೆ ಹೊಂದಿಸಲು ಎಳೆದಾಡುವುದೂ ಬೇಡ. ಅದರ ಶ್ರುತಿ ಅದರದ್ದು. ಒಟ್ಟು ಸದ್ದು ಮೀಟರಿನಲ್ಲಿ `-14 LUFS` ಸುತ್ತ ಇದ್ದರೆ ಸಾಕು.

5 ರಿಂದ 7 ಸೆಕೆಂಡು

ಚಿತ್ರ: ಮತ್ತೆ ಹೊರಗಿನ ಕ್ಯಾಮೆರಾ, ಮೊದಲಿನ ಜಾಗವೇ. ಈಗ ಬೆಳಕು ಏರಿದೆ. ಕಮಾನಿನ ಒಳಗೆ ಓಣಿ ಕಾಣುತ್ತದೆ: ಅಂಗಳಕ್ಕೆ ಥಳಿ ಹೊಡೆಯುತ್ತಿರುವ ಹೆಣ್ಣುಮಗಳು, ಚಹಾದಂಗಡಿಯ ಹೊಗೆ, ಸೈಕಲ್ ತಳ್ಳಿಕೊಂಡು ಹೋಗುವ ಹುಡುಗ. ಬಲಕ್ಕೆ ಗುಡಿಯ ಮೆಟ್ಟಿಲ ಮೇಲೆ ಅಜ್ಜಿ ಇನ್ನೂ ಕೈ ಮುಗಿದುಕೊಂಡೇ ಇದ್ದಾಳೆ. ಬೆಳಕು ನಿಧಾನಕ್ಕೆ ಕಮಾನಿನ ಮೇಲಿನ ಕಲ್ಲಿಗೆ ಬೀಳುತ್ತದೆ. ಅಲ್ಲಿ ಸುಣ್ಣದಲ್ಲಿ ಬರೆದಂತೆ ಮೂರು ಅಕ್ಷರ: ಅಗಸಿ.

ಹೆಸರು ಹಾರಿ ಬರುವುದಿಲ್ಲ, ತಿರುಗುವುದಿಲ್ಲ, ಮಿಂಚುವುದಿಲ್ಲ. ಮೊದಲಿನಿಂದ ಅಲ್ಲೇ ಇತ್ತು, ಕತ್ತಲೆಗೆ ಕಂಡಿರಲಿಲ್ಲ. ಅಕ್ಷರವನ್ನು ಎಡಿಟ್‌ನಲ್ಲೇ ಕೂಡಿಸಬೇಕು, ಊರಿನ ಕಲ್ಲಿಗೆ ಯಾರೂ ಸುಣ್ಣ ಮುಟ್ಟಿಸಬೇಡಿ.

ಧ್ವನಿ: ಗಂಟೆಯ ನಾದ ತಾನಾಗಿ ಇಳಿಯುತ್ತದೆ. ನೀರು ಎರಚಿದ ಸದ್ದು ಮೇಲೆ ಬರುತ್ತದೆ.

7 ರಿಂದ 10 ಸೆಕೆಂಡು

ಚಿತ್ರ: ಅಜ್ಜಿ ತಿರುಗುತ್ತಾಳೆ. ಬಾಗಿಲಲ್ಲಿ ನಿಂತ ನಮ್ಮನ್ನು ನೋಡುತ್ತಾಳೆ. ಸೆರಗು ಸರಿ ಮಾಡಿಕೊಳ್ಳುತ್ತಾಳೆ.

ಅಜ್ಜಿ: "ಬರ್ರಿ, ಒಳಗ ಬರ್ರಿ."

ಕ್ಯಾಮೆರಾ ಒಂದು ಹೆಜ್ಜೆ ಮುಂದಿಟ್ಟು ಕಮಾನಿನ ನೆರಳಿಗೆ ಹೋಗುತ್ತದೆ. ಅಲ್ಲಿಗೆ ಕಟ್.

ಧ್ವನಿ: ಗಂಟೆಯ ಬಾಲವನ್ನು ಹತ್ತನೇ ಸೆಕೆಂಡಿಗೆ ಕತ್ತರಿಸಬೇಡಿ. ಕಂತಿನ ಮೊದಲ ಶಾಟ್‌ನ ಕೆಳಗೆ ಇನ್ನೆರಡು ಸೆಕೆಂಡು ಹರಿದು ಅಲ್ಲೇ ಕರಗಲಿ. ಬಾರಿಸಿದ ಗಂಟೆಯನ್ನು ಯಾರೂ ಕೈಯಲ್ಲಿ ಹಿಡಿದು ನಿಲ್ಲಿಸುವುದಿಲ್ಲ.

ಅಜ್ಜಿಗೆ ಮಾತು ಕಲಿಸಬೇಡಿ. ಮೊದಲ ದಿನ ನಾವು ಹೋದಾಗ ಅವರೇ ಹೀಗೆ ಕರೆದದ್ದು. "ಸ್ವಾಗತ" ಅಂತ ಹೇಳಿಸಲು ಹೋದರೆ ಮದುವೆ ಛತ್ರದ ಬಾಗಿಲಾಗುತ್ತದೆ.

ಬಳಸುವಾಗ

ಗಂಟೆಯೇ ಯಾಕೆ, ಶಂಖ ಯಾಕಲ್ಲ ಅಂತ ಕೇಳಿದ್ದಿರಿ. ಶಂಖ ಪೂಜೆಯ ಹೊತ್ತಿನದು, ಅದನ್ನು ಊದುವವರೂ ಬೇರೆ. ಗಂಟೆಯನ್ನು ಮಕ್ಕಳನ್ನು ಎತ್ತಿ ಹಿಡಿದು ಕೂಡ ಬಾರಿಸುತ್ತಾರೆ. "ಆಗಮಾರ್ಥಂ ತು ದೇವಾನಾಂ" ಅಂತ ಪೂಜೆಯಲ್ಲಿ ಹೇಳುತ್ತಾರಲ್ಲ, ಅಲ್ಲೂ ಗಂಟೆ ಇರುವುದು ದೇವರು ಬರಲಿ ಅಂತಲೇ. ಓಂಕಾರ, ಮಂತ್ರ ಬೇಡ. ಹತ್ತು ಸೆಕೆಂಡಿಗೆ ಮಂತ್ರವನ್ನು ಅರ್ಧಕ್ಕೆ ನಿಲ್ಲಿಸಬೇಕಾಗುತ್ತದೆ. ಗವಿಮಠದ ಜಾತ್ರೆಯ ತೇರಿನ ಸದ್ದೂ ನನ್ನ ಬಳಿ ಇದೆ, ಮೈ ಜುಮ್ ಅನ್ನುತ್ತದೆ. ಆದರೆ ಅದು ಲಕ್ಷ ಜನರ ಕೂಗು. ಇಲ್ಲಿ ಒಬ್ಬರು ಕರೆದರೆ ಸಾಕು. ಇಟಗಿಯ ಮಹಾದೇವ ಗುಡಿಯ ಡ್ರೋನ್ ಶಾಟ್ ಹಾಕೋಣ ಅನ್ನುವ ಆಸೆ ನನಗೂ ಇತ್ತು. 1112ರ ಗುಡಿ, ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಅನ್ನುತ್ತದೆ. ಎರಡು ಸೆಕೆಂಡಿನಲ್ಲಿ ಅದನ್ನು ಹಾರಿಸಿಬಿಡುವುದು ಬೇಡ, ಅದಕ್ಕೆ ಪೂರ್ತಿ ಕಂತೇ ಇದೆ.

ಈ ಹತ್ತು ಸೆಕೆಂಡಿನ ಒಳಗೆ, ಆಮೇಲಿನ ಎರಡು ಸೆಕೆಂಡಿನಲ್ಲೂ, ಜಾಹೀರಾತುದಾರರ ಹೆಸರು ಬರುವುದಿಲ್ಲ. ಬೀಜದಂಗಡಿಯವರು ಕೇಳಿದ್ದಾರೆ. ನಾನು ಹೇಳಿಕೊಳ್ಳುತ್ತೇನೆ.

ರೀಲ್ಸ್‌ಗೆ ಮೂರು ಸೆಕೆಂಡಿನದು ಬೇಕಾದರೆ ಗಂಟೆ ತುಂಡು ಮಾಡಬೇಡಿ. ಅಜ್ಜಿಯ ಮಾತು, ಕಮಾನು, ಹೆಸರು ಇಷ್ಟೇ ಹಾಕಿ. ನಡುವಿನ ಜಾಹೀರಾತು ಮುಗಿದು ವಾಪಸ್ ಬರುವಾಗಲೂ ಗಂಟೆ ಬೇಡ.

ಅಲಾಯಿ ಹಬ್ಬದ ಕಂತಿಗೆ, ದರ್ಗಾದ ಕಂತಿಗೆ ಗಂಟೆಯ ಜಾಗದಲ್ಲಿ ಆಜಾನ್ ಹಾಕೋಣ ಅಂದವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಆಜಾನ್ ನಮಾಜಿಗೆ ಕರೆಯುವುದು, ನಮ್ಮ ವಿಡಿಯೋಗಲ್ಲ. ಆ ಕಂತುಗಳಿಗೆ ಕಸಬರಿಗೆ, ಗುಬ್ಬಿ, ನೀರಿನ ಸದ್ದು, ಅಜ್ಜಿಯ ಮಾತು ಮಾತ್ರ ಇರುವ `agasi_intro_v4b` ಬಳಸಿ. ಸಾವಿನ ಮನೆಯ ಕಥೆ ಇದ್ದರೂ ಅದೇ.

ಸೋಮವಾರ ರಾತ್ರಿಯೇ ಊರಿಗೆ ಹೋಗಿ ಉಳಿಯುತ್ತೇವೆ. ಅಜ್ಜಿ ದಿನಾ ಬರುವ ಹೊತ್ತಿಗೇ ಬರಲಿ, ನಮಗಾಗಿ ಬೇಗ ಎಬ್ಬಿಸಬೇಡಿ. ಒಂದೇ ಟೇಕ್. ಸರಿಯಾಗದಿದ್ದರೆ ಬುಧವಾರ ಮತ್ತೆ ಕಾಯೋಣ. ಮೈಕ್ ಇಡಲು ಒಳಗೆ ಹೋಗುವವರು ಚಪ್ಪಲಿ ಬಿಟ್ಟು ಹೋಗಿ, ಆ ಸದ್ದನ್ನೂ ರೆಕಾರ್ಡ್ ಮಾಡಿಕೊಳ್ಳಿ, ಬೇಕಾಗಬಹುದು.